ಚೆಕ್ಕು ಕೊಟ್ಟವರು ಎದ್ದು ಹೋಗುವ ಮೊದಲು

ಬನಹಟ್ಟಿಯ ಯಾವುದೇ ಓಣಿಯಲ್ಲಿ ಸಂಜೆ ಹೊತ್ತಿಗೆ ನಿಂತರೆ ಪಾವರ್‌ಲೂಮಿನ ಖಟಪಟದ ನಡುವೆಯೇ ವ್ಯಾಪಾರ ನಡೆದಿರುತ್ತದೆ. ಮಡಿಸಿದ ಸೀರೆಗಳ ಗಂಟು ಗಾಡಿಗೆ ಏರಿರುತ್ತದೆ. ಹೊರಊರಿನಿಂದ ಬಂದ ಖರೀದಿದಾರ ಚಹಾ ಕುಡಿದು, ಚೀಲದಿಂದ ಚೆಕ್‌ಬುಕ್ ತೆಗೆದು, ತೊಡೆಯ ಮೇಲೆ ಇಟ್ಟುಕೊಂಡೇ ಬರೆದು ಹರಿದು ಕೊಡುತ್ತಾನೆ. ಮಗ್ಗದ ಮಾಲೀಕ ಅದನ್ನು ಎರಡು ಕೈಯಿಂದ ಇಸಿದುಕೊಂಡು, ಅಂಕಿಯ ಕಡೆ ಒಮ್ಮೆ ನೋಡಿ, ಅಂಗಿಯ ಜೇಬಿಗೆ ಇಳಿಸುತ್ತಾನೆ. ಗಾಡಿ ಹೊರಟುಹೋಗುತ್ತದೆ.

ಮೂರು ದಿನ ಬಿಟ್ಟು ಬ್ಯಾಂಕಿನಿಂದ ಚೆಕ್ಕು ವಾಪಸು ಬಂದಾಗ, ಆ ಸಂಜೆ ಅವನು ನೋಡದೇ ಬಿಟ್ಟದ್ದು ಏನೆಂದು ಗೊತ್ತಾಗುತ್ತದೆ. ಖಾತೆಯಲ್ಲಿ ಹಣ ಇಲ್ಲ ಎಂಬ ಕಾರಣಕ್ಕೇ ಚೆಕ್ಕು ತಿರುಗಿ ಬರುತ್ತದೆ ಎಂದು ನಾವು ತಿಳಿದಿದ್ದೇವೆ. ಆದರೆ ಕೊಟ್ಟವನ ಖಾತೆಯಲ್ಲಿ ಲಕ್ಷಗಟ್ಟಲೆ ಹಣವಿದ್ದರೂ ತಾರೀಖು, ಅಕ್ಷರದಲ್ಲಿ ಬರೆದ ಮೊತ್ತ, ಪಡೆಯುವವರ ಹೆಸರು ಈ ಮೂರರಲ್ಲಿ ಒಂದು ತಪ್ಪಿದರೂ ಚೆಕ್ಕು ಪಾಸಾಗದೆ ಬರಬಹುದು. ಬ್ಯಾಂಕಿನ ಸಾಲಿನಲ್ಲಿ ನಿಂತಾಗ ಈ ಮೂರನ್ನು ನೋಡಿದರೆ ತಡವಾಯಿತು. ನೋಡಬೇಕಾದದ್ದು ಚೆಕ್ಕು ಕೈಗೆ ಬಂದಾಗ, ಬರೆದವರು ಇನ್ನೂ ಎದುರಿಗೆ ಕೂತಿರುವಾಗ.

ಕಾಗದ ಇಲ್ಲೇ, ಚಿತ್ರ ಮಾತ್ರ ಅಲ್ಲಿಗೆ

ಇದಕ್ಕೆ ಕಾರಣ ಚೆಕ್ಕು ಸಾಗುವ ದಾರಿಯಲ್ಲೇ ಇದೆ. ಮೊದಲು ನೀವು ಕಟ್ಟಿದ ಚೆಕ್ಕು ಕಾಗದದ ರೂಪದಲ್ಲೇ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಈಗ ಅದು ನೀವು ಕೊಟ್ಟ ಬ್ಯಾಂಕಿನಲ್ಲೇ ಉಳಿಯುತ್ತದೆ. ಸ್ಕ್ಯಾನ್ ಮಾಡಿದ ಚಿತ್ರ ಮತ್ತು ಕೆಳಗಿನ ಬಿಳಿ ಪಟ್ಟಿಯಲ್ಲಿ ಅಚ್ಚಾದ ಸಂಖ್ಯೆಗಳು ಮಾತ್ರ ಹಣ ಕೊಡಬೇಕಾದ ಬ್ಯಾಂಕಿಗೆ ಹೋಗುತ್ತವೆ. ಇದಕ್ಕೆ ಚೆಕ್ ಟ್ರಂಕೇಶನ್ ಎನ್ನುತ್ತಾರೆ. 2008ರಲ್ಲಿ ದೆಹಲಿಯಲ್ಲಿ ಶುರುವಾದ ಈ ವ್ಯವಸ್ಥೆಗೆ ದೇಶದ ಎಲ್ಲ ಶಾಖೆಗಳನ್ನೂ 2021ರ ಸೆಪ್ಟೆಂಬರ್ ಕೊನೆಯೊಳಗೆ ಸೇರಿಸುವಂತೆ ರಿಸರ್ವ್ ಬ್ಯಾಂಕ್ ಹೇಳಿತ್ತು.

ಆ ತುದಿಯಲ್ಲಿ ಕೂತ ಸಿಬ್ಬಂದಿಗೆ ಕಾಣುವುದು ಚಿತ್ರ ಮಾತ್ರ. ಒಂದು ಅಂಕಿಯ ಮೇಲೆ ಇನ್ನೊಂದನ್ನು ತಿದ್ದಿ ಬರೆದಿದ್ದರೆ, ತಿದ್ದಿದವರು ಖಾತೆದಾರರೋ ಬೇರೆಯವರೋ ಎಂದು ಅವರು ಹೇಗೆ ತಿಳಿಯಬೇಕು? ಆದ್ದರಿಂದಲೇ ರಿಸರ್ವ್ ಬ್ಯಾಂಕ್ ಕಟ್ಟುನಿಟ್ಟಿನ ನಿಯಮ ಮಾಡಿದೆ: ಪಡೆಯುವವರ ಹೆಸರು, ಅಂಕಿಯ ಮೊತ್ತ, ಅಕ್ಷರದ ಮೊತ್ತ ಇವುಗಳಲ್ಲಿ ಏನನ್ನೇ ಬದಲಿಸಬೇಕಿದ್ದರೂ ಹೊಸ ಚೆಕ್ಕನ್ನೇ ಬರೆಯಬೇಕು. ಹಳೆಯ ಕಾಲದಂತೆ ಹೊಡೆದುಹಾಕಿ, ಪಕ್ಕಕ್ಕೆ ಸಹಿ ಮಾಡಿ ನಡೆಸುವಂತಿಲ್ಲ. ಚೆಕ್ಕಿನ ಅವಧಿಯನ್ನು ಊರ್ಜಿತಗೊಳಿಸಲು ತಾರೀಖನ್ನು ತಿದ್ದುವುದಕ್ಕೆ ಮಾತ್ರ ವಿನಾಯಿತಿ ಇದೆ, ಅದಕ್ಕೂ ಚೆಕ್ಕು ಬರೆದವರ ಪೂರ್ಣ ಸಹಿ ಬೇಕು.

ಹೊಸ ಚೆಕ್ಕು ಎಂದರೆ ಬರೆದವರೇ ಮತ್ತೆ ಬರೆಯಬೇಕು. ಅವರು ಸೋಲಾಪುರಕ್ಕೋ ಇಚಲಕರಂಜಿಗೋ ಹೊರಟುಹೋಗಿದ್ದರೆ ಒಂದು ಅಕ್ಷರದ ತಪ್ಪಿಗೆ ಫೋನು, ಕಾಯುವಿಕೆ, ಇನ್ನೊಂದು ಪ್ರಯಾಣ. ಎದುರಿಗೆ ಕೂತಿದ್ದಾಗ ಕೇಳಿದ್ದರೆ ಅದು ಎರಡು ನಿಮಿಷದ ಕೆಲಸ.

ತಾರೀಖಿನ ಮೂರು ತಿಂಗಳು

ಚೆಕ್ಕಿನ ಮೇಲೆ ಬರೆದ ತಾರೀಖಿನಿಂದ ಮೂರು ತಿಂಗಳವರೆಗೆ ಅದಕ್ಕೆ ಜೀವ. ಮುಂಚೆ ಇದು ಆರು ತಿಂಗಳಿತ್ತು. 2012ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕ್ ಅದನ್ನು ಮೂರಕ್ಕೆ ಇಳಿಸಿತು. ಆರು ತಿಂಗಳು ಎಂಬ ಹಳೆಯ ಲೆಕ್ಕ ಹಿರಿಯರ ತಲೆಯಲ್ಲಿ ಇನ್ನೂ ಉಳಿದಿದೆ. ದೀಪಾವಳಿ ಹೊತ್ತಿಗೆ ಬಂದ ಚೆಕ್ಕನ್ನು ಯುಗಾದಿಗೆ ಕಟ್ಟಿದರಾಯಿತು ಎಂದು ಕಪಾಟಿನಲ್ಲಿ ಇಟ್ಟು ಕೆಟ್ಟವರು ಈ ಲೆಕ್ಕವನ್ನು ನಂಬಿದವರೇ. ಮೂರು ತಿಂಗಳು ಎಂದರೆ ತೊಂಬತ್ತು ದಿನವಲ್ಲ, ಕ್ಯಾಲೆಂಡರಿನ ತಿಂಗಳು. ಮಾರ್ಚ್ 10ರ ಚೆಕ್ಕಿನ ಆಯುಸ್ಸು ಜೂನ್ 10ರ ಹೊತ್ತಿಗೆ ತೀರುತ್ತದೆ. ಕೊನೆಯ ದಿನ ಇವತ್ತೋ ನಾಳೆಯೋ ಎಂದು ಎಣಿಸುತ್ತ ಕೂರುವ ಪರಿಸ್ಥಿತಿಯನ್ನೇ ತಂದುಕೊಳ್ಳಬಾರದು, ನಡುವೆ ರಜೆ ಬಂದರೆ ಆ ಎಣಿಕೆಗೆ ಅರ್ಥವಿಲ್ಲ.

ತಾರೀಖು ನೋಡುವುದೆಂದರೆ ದಿನ, ತಿಂಗಳನ್ನಷ್ಟೇ ನೋಡುವುದಲ್ಲ. ಹೆಚ್ಚು ಕೆಡುಕು ಮಾಡುವುದು ವರ್ಷ. ಜನವರಿಯ ಮೊದಲ ವಾರಗಳಲ್ಲಿ ಕೈಗೆ ಹಳೆಯ ವರ್ಷವೇ ರೂಢಿಯಾಗಿರುತ್ತದೆ. 2026ರ ಜನವರಿ 5ರಂದು ಕೂತು 05-01-2025 ಎಂದು ಬರೆದರೆ ಆ ಚೆಕ್ಕು ಹುಟ್ಟುವಾಗಲೇ ಒಂದು ವರ್ಷದ ಹಳೆಯದು. ಬ್ಯಾಂಕಿನವರಿಗೆ ಇದು ಕೈತಪ್ಪು ಎಂದು ಹೊಳೆದರೂ ಅವರು ಊಹೆಯ ಮೇಲೆ ಹಣ ಕೊಡಲಾರರು.

ಇಲ್ಲಿ ಒಂದು ದೊಡ್ಡ ಅಪಾಯವಿದೆ. ಮನೆಗೆ ಬಂದ ಮೇಲೆ ತಪ್ಪು ಕಂಡು, ‘5 ಇದ್ದದ್ದನ್ನ 6 ಮಾಡಿದ್ರ ಆತು, ಅದರಾಗೇನೈತಿ’ ಎಂದು ಪೆನ್ನು ಎತ್ತಿಕೊಳ್ಳುವವರಿದ್ದಾರೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 87ನೇ ಕಲಂ ಪ್ರಕಾರ, ಬರೆದವರ ಒಪ್ಪಿಗೆಯಿಲ್ಲದೆ ಚೆಕ್ಕಿನ ಮುಖ್ಯ ಭಾಗವನ್ನು ತಿದ್ದಿದರೆ ಆ ಒಪ್ಪಿಗೆ ಕೊಡದವರ ಮಟ್ಟಿಗೆ ಅದು ಅಸಿಂಧು. ತಾರೀಖೂ ಮುಖ್ಯ ಭಾಗವೇ. ಒಳ್ಳೆಯ ಮನಸ್ಸಿನಿಂದ ಮಾಡಿದ ತಿದ್ದುಪಡಿಯೇ ನಾಳೆ ನಿಮ್ಮ ಕೈ ಕಟ್ಟುತ್ತದೆ.

ಮುಂದಿನ ತಾರೀಖಿನ ಚೆಕ್ಕುಗಳು ಬಟ್ಟೆ ವ್ಯಾಪಾರಕ್ಕೆ ಹೊಸದಲ್ಲ. ಮಾಲು ಇಂದು, ಹಣ ಒಂದೂವರೆ ತಿಂಗಳಿಗೆ ಎಂಬ ಉದ್ರಿಯಲ್ಲಿ ಮುಂದಿನ ತಾರೀಖು ಹಾಕಿಯೇ ಕೊಡುತ್ತಾರೆ. ಇದರಲ್ಲಿ ಮೂರು ತಿಂಗಳ ಎಣಿಕೆ ಶುರುವಾಗುವುದು ಕೈಗೆ ಬಂದ ದಿನದಿಂದಲ್ಲ, ಚೆಕ್ಕಿನ ಮೇಲಿರುವ ತಾರೀಖಿನಿಂದ. ಆ ದಿನಕ್ಕಿಂತ ಮೊದಲು ಕಟ್ಟಿದರೆ ಮುಂದಿನ ತಾರೀಖು ಎಂಬ ಕಾರಣ ಕೊಟ್ಟು ಮರಳಿಸುತ್ತಾರೆ. ಇಂಥ ನಾಲ್ಕಾರು ಚೆಕ್ಕುಗಳು ಒಟ್ಟಿಗೆ ಬಂದಾಗ ಪ್ರತಿಯೊಂದರ ತಾರೀಖನ್ನೂ ಮಾಲಿನ ಲೆಕ್ಕದ ವಹಿಯಲ್ಲೇ ಬರೆದಿಟ್ಟುಕೊಂಡರೆ ಯಾವುದೂ ಮರೆತು ಹೋಗದು.

ಒಂಬತ್ತು ಆರಾದ ಕಥೆ

ತಾರೀಖು ಸರಿಯಿದ್ದೂ ಚೆಕ್ಕು ತಿರುಗಿ ಬಂದ ಪ್ರಕರಣವೊಂದು ನಮ್ಮ ಪಕ್ಕದಲ್ಲೇ ನಡೆದಿದೆ. ಹುಬ್ಬಳ್ಳಿಯ ಉಪನ್ಯಾಸಕರೊಬ್ಬರು 2020ರ ಸೆಪ್ಟೆಂಬರ್ 3ರಂದು ವಿದ್ಯುತ್ ಬಿಲ್ಲಿಗಾಗಿ ಹೆಸ್ಕಾಂಗೆ 6,000 ರೂಪಾಯಿಯ ಎಸ್‌ಬಿಐ ಚೆಕ್ಕು ಕೊಟ್ಟರು. ಅದನ್ನು ಅವರು ಕನ್ನಡ ಅಂಕಿಗಳಲ್ಲಿ ತುಂಬಿದ್ದರು. ಹೆಸ್ಕಾಂನ ಖಾತೆ ಇದ್ದದ್ದು ಕೆನರಾ ಬ್ಯಾಂಕಿನಲ್ಲಿ. ಅಲ್ಲಿಂದ ಚೆಕ್ಕು ಎಸ್‌ಬಿಐನ ಹಳಿಯಾಳ ಶಾಖೆಗೆ ಹೋಯಿತು. ಅಲ್ಲಿ ತಿಂಗಳಿನ ಮನೆಯಲ್ಲಿದ್ದ ೯ನ್ನು ೬ ಎಂದು ಓದಿದರು. ಸೆಪ್ಟೆಂಬರ್ ಜೂನ್ ಆಯಿತು, ಹೊಸ ಚೆಕ್ಕು ಮೂರು ತಿಂಗಳು ದಾಟಿದ ಚೆಕ್ಕಾಯಿತು, ಹಣ ಕೊಡಲಿಲ್ಲ.

ಅವರು ಧಾರವಾಡ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋದರು. 2022ರಲ್ಲಿ ಆಯೋಗ ಬ್ಯಾಂಕಿನ ಮೇಲೆ 85,177 ರೂಪಾಯಿ ಹಾಕಿತು. ಚೆಕ್ಕನ್ನು ಇಂಗ್ಲಿಷ್, ಹಿಂದಿ ಅಥವಾ ಆಯಾ ಪ್ರದೇಶದ ಭಾಷೆಯಲ್ಲಿ ಬರೆಯುವ ಹಕ್ಕು ಗ್ರಾಹಕನಿಗೆ ಇದೆ. ಕರ್ನಾಟಕದಲ್ಲಿ ವ್ಯವಹಾರ ಮಾಡುವ ಬ್ಯಾಂಕು ಕನ್ನಡವನ್ನು ಓದಲೇಬೇಕು. ಆ ಉಪನ್ಯಾಸಕರು ಪಟ್ಟುಹಿಡಿದು ಈ ಹಕ್ಕನ್ನು ಎತ್ತಿ ನಿಲ್ಲಿಸಿದ್ದು ನಮಗೆಲ್ಲ ಉಪಕಾರ.

ಆದರೆ ಚೆಕ್ಕು ಪಡೆಯುವವರ ಕಡೆಯಿಂದ ಈ ಪ್ರಕರಣವನ್ನು ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ಕನ್ನಡದ ೬ ಮತ್ತು ೯ರ ನಡುವೆ ಇರುವುದು ಒಂದು ಸುಳಿಯ ತಿರುವು. ಬರೆಯುವ ಅವಸರದಲ್ಲಿ, ಆಮೇಲೆ ಸ್ಕ್ಯಾನಿನ ಕಪ್ಪು ಬಿಳುಪಿನಲ್ಲಿ, ಆ ತಿರುವು ಮಸುಕಾಗಬಹುದು. ಇಂಗ್ಲಿಷ್ ಅಂಕಿಯ 1 ಮತ್ತು 7ಕ್ಕೂ ಇದೇ ಗತಿ. ಹಕ್ಕು ನಮ್ಮದೇ, ಅದನ್ನು ಬಿಡಬೇಕಾಗಿಲ್ಲ. ಆದರೆ ತಿಂಗಳಿನ ಎರಡು ಮನೆಗಳನ್ನು ಬೇರೆ ಯಾರಾದರೂ ಬೇರೆ ರೀತಿ ಓದಬಹುದೇ ಎಂದು ಕೈಯಲ್ಲಿದ್ದಾಗಲೇ ಒಮ್ಮೆ ಕೇಳಿಕೊಳ್ಳಬೇಕು. ಅನುಮಾನ ಬಂದರೆ ಕೊಟ್ಟವರಿಂದಲೇ ಇನ್ನೊಂದು ಹಾಳೆ ಬರೆಸಿಕೊಳ್ಳಬೇಕು. ಆರು ಸಾವಿರದ ಬಿಲ್ಲಿಗೆ ಎರಡು ವರ್ಷ ಓಡಾಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಅಂಕಿ ಒಂದು, ಅಕ್ಷರ ಇನ್ನೊಂದು

ಮೊತ್ತದ ವಿಷಯದಲ್ಲಿ ನಮ್ಮ ಕಣ್ಣು ಹೋಗುವುದು ಬಲಗಡೆಯ ಚೌಕದಲ್ಲಿರುವ ಅಂಕಿಗೆ. ಕಾನೂನಿನ ಕಣ್ಣು ಹೋಗುವುದು ನಡುವಿನ ಗೆರೆಯ ಮೇಲಿರುವ ಅಕ್ಷರಕ್ಕೆ. ಅದೇ 1881ರ ಕಾಯ್ದೆಯ 18ನೇ ಕಲಂ ಹೇಳುವುದಿಷ್ಟು: ಅಂಕಿಯಲ್ಲಿ ಒಂದು, ಅಕ್ಷರದಲ್ಲಿ ಇನ್ನೊಂದು ಮೊತ್ತ ಇದ್ದರೆ ಅಕ್ಷರದಲ್ಲಿರುವುದೇ ಕೊಡಬೇಕಾದ ಮೊತ್ತ. ಅಂಕಿಗೆ ಒಂದು ಸೊನ್ನೆ ಸೇರಿಸುವುದು ಸುಲಭ, ಅಕ್ಷರವನ್ನು ಬದಲಿಸುವುದು ಕಷ್ಟ.

ಒಂದು ಉದಾಹರಣೆ ಊಹಿಸಿಕೊಳ್ಳೋಣ. ಬನಹಟ್ಟಿಯ ಒಬ್ಬ ಮಗ್ಗದ ಮಾಲೀಕರು ತಲಾ 405 ರೂಪಾಯಿಯಂತೆ 120 ಸೀರೆ ಕೊಟ್ಟಿದ್ದಾರೆ. ಬಿಲ್ಲು 48,600 ರೂಪಾಯಿ. ಖರೀದಿದಾರ ಚೌಕದಲ್ಲಿ 48,600 ಎಂದೇ ಬರೆದ. ಗೆರೆಯ ಮೇಲೆ ಬರೆಯುವಾಗ ಮಾತಾಡುತ್ತ ಮಾತಾಡುತ್ತ ‘ನಲವತ್ತಾರು ಸಾವಿರದ ಎಂಟುನೂರು ಮಾತ್ರ’ ಎಂದು ಬರೆದುಬಿಟ್ಟ. ಎಂಟು ಮತ್ತು ಆರು ಜಾಗ ಬದಲಿಸಿದವು, ಅಷ್ಟೇ.

ಈಗ ಏನಾಗುತ್ತದೆ? ಕಲಂ 18ನ್ನು ಅಕ್ಷರಶಃ ಹಿಡಿದರೆ ಈ ಚೆಕ್ಕು 46,800 ರೂಪಾಯಿಯದು. 1,800 ರೂಪಾಯಿ ಕಡಿಮೆ. ನಾಲ್ಕು ಸೀರೆಯ ಬೆಲೆಗಿಂತ ಹೆಚ್ಚು. ಉಳಿದದ್ದು ಬಾಕಿಯಾಗಿ ಉಳಿಯುತ್ತದೆ, ಅದನ್ನು ಬಿಲ್ಲು ತೋರಿಸಿ ಬೇರೆಯಾಗಿ ಕೇಳಬೇಕು. ಆದರೆ ವಾಸ್ತವದಲ್ಲಿ ಅಷ್ಟು ದೂರ ಹೋಗುವುದೇ ಅಪರೂಪ. ಕಾನೂನು ಅಕ್ಷರದ ಮೊತ್ತವನ್ನು ಹಿಡಿದರೂ, ಬ್ಯಾಂಕು ಇಂಥ ಚೆಕ್ಕನ್ನು ‘ಅಕ್ಷರ ಮತ್ತು ಅಂಕಿಯಲ್ಲಿ ವ್ಯತ್ಯಾಸ’ ಎಂಬ ಕಾರಣ ಬರೆದು ಮರಳಿಸುವುದೇ ರೂಢಿ. ತನ್ನ ಖಾತೆದಾರನ ಮನಸ್ಸಿನಲ್ಲಿ ಯಾವ ಮೊತ್ತ ಇತ್ತು ಎಂದು ಸಂಶಯ ಬಂದ ಮೇಲೆ ಹಣ ಕೊಟ್ಟು ಹೊಣೆ ಹೊರಲು ಯಾವ ಬ್ಯಾಂಕೂ ಬಯಸುವುದಿಲ್ಲ. ಅಂದರೆ ಕಾನೂನು ನಿಮ್ಮ ಪರವಾಗಿದೆ ಎಂದು ನಂಬಿ ಇಂಥ ಚೆಕ್ಕನ್ನು ಕಟ್ಟುವುದರಿಂದ ಲಾಭವಿಲ್ಲ.

ಆದ್ದರಿಂದ ಅಕ್ಷರವನ್ನು ಮನಸ್ಸಿನಲ್ಲಿ ಓದಿದರೆ ಸಾಲದು, ಬಾಯಿಬಿಟ್ಟು ಓದಬೇಕು. ‘ಸಾವ್ಕಾರ್ರ, ಒಂದ್ಸಲ ಓದ್ತೀನಿ ಕೇಳ್ರಿ, ಬಿಲ್ಲಿನ ಕೂಡ ತಾಳಿ ನೋಡೂಣು’ ಎಂದರೆ ಯಾರೂ ಸಿಟ್ಟಾಗುವುದಿಲ್ಲ. ಬಾಯಿಬಿಟ್ಟು ಓದಿದಾಗ ಕಣ್ಣು ಹಾರಿಸಿದ ತಪ್ಪು ಕಿವಿಗೆ ಸಿಗುತ್ತದೆ. ಕನ್ನಡದಲ್ಲಿ ಬರೆದಿದ್ದರೆ ಎಪ್ಪತ್ತು ಮತ್ತು ಎಂಬತ್ತು, ಐವತ್ತು ಮತ್ತು ಅರವತ್ತು ಇವುಗಳ ಮೇಲೆ ಹೆಚ್ಚು ಗಮನ ಬೇಕು. ‘ಒಂದೂವರೆ ಲಕ್ಷ’ ಎಂದು ಮಾತಿನಲ್ಲಿ ಹೇಳುವುದು ಸರಿ, ಚೆಕ್ಕಿನಲ್ಲಿ ‘ಒಂದು ಲಕ್ಷ ಐವತ್ತು ಸಾವಿರ’ ಎಂದೇ ಇರಲಿ. ಲಕ್ಷ ದಾಟಿದ ಮೊತ್ತದಲ್ಲಿ ಅಲ್ಪವಿರಾಮ ಎಲ್ಲಿ ಬಿದ್ದಿದೆ ಎಂದೂ ನೋಡಬೇಕು. 1,05,000 ಮತ್ತು 1,50,000 ನಡುವಿನ ಅಂತರ ನಲವತ್ತೈದು ಸಾವಿರ.

ದೊಡ್ಡ ಮೊತ್ತಕ್ಕೆ ಇನ್ನೊಂದು ಪ್ರಶ್ನೆ ಕೇಳಬೇಕು. 2021ರ ಜನವರಿ 1ರಿಂದ 50,000 ರೂಪಾಯಿ ಮತ್ತು ಅದಕ್ಕೂ ಮೇಲಿನ ಚೆಕ್ಕುಗಳಿಗೆ ಪಾಸಿಟಿವ್ ಪೇ ಎಂಬ ಏರ್ಪಾಡು ಬಂದಿದೆ. ಚೆಕ್ಕು ಬರೆದವರು ಅದರ ತಾರೀಖು, ಪಡೆಯುವವರ ಹೆಸರು, ಮೊತ್ತವನ್ನು ತಮ್ಮ ಬ್ಯಾಂಕಿಗೆ ಮೊದಲೇ ತಿಳಿಸುತ್ತಾರೆ, ಚಿತ್ರ ಬಂದಾಗ ಬ್ಯಾಂಕು ಎರಡನ್ನೂ ತಾಳೆ ನೋಡುತ್ತದೆ. ಐದು ಲಕ್ಷ ಮತ್ತು ಅದಕ್ಕೂ ಮೇಲಿನ ಚೆಕ್ಕುಗಳಿಗೆ ಇದನ್ನು ಕಡ್ಡಾಯ ಮಾಡಲು ಬ್ಯಾಂಕುಗಳಿಗೆ ಅವಕಾಶವಿದೆ. ಚೆಕ್ಕಿನಲ್ಲಿ ತಪ್ಪಿಲ್ಲದಿದ್ದರೂ ಅವರು ತಿಳಿಸಿದ ವಿವರದಲ್ಲಿ ತಪ್ಪಿದ್ದರೆ ತೊಡಕು. ಹಾಗಾಗಿ ‘ಬ್ಯಾಂಕಿಗೆ ವಿವರ ಹಾಕಿದೀರೇನ್ರಿ?’ ಎಂದು ಕೇಳಿಕೊಂಡೇ ಕಟ್ಟಬೇಕು.

ಹೆಸರು ಯಾರದು, ಖಾತೆ ಯಾರದು

ತಾರೀಖು ಮತ್ತು ಮೊತ್ತವನ್ನು ಮುಖ್ಯವಾಗಿ ನೋಡುವುದು ಹಣ ಕೊಡುವ ಬ್ಯಾಂಕು. ಹೆಸರನ್ನು ನೋಡುವ ಹೊಣೆ ಹೆಚ್ಚಾಗಿ ಬೀಳುವುದು ನೀವು ಚೆಕ್ಕು ಕಟ್ಟುವ ನಿಮ್ಮದೇ ಬ್ಯಾಂಕಿನ ಮೇಲೆ. ಚೆಕ್ಕಿನ ಮೂಲೆಯಲ್ಲಿ ಎರಡು ಓರೆ ಗೆರೆ ಎಳೆದು ‘ಅಕೌಂಟ್ ಪೇಯಿ’ ಎಂದು ಬರೆದಿದ್ದರೆ, ಆ ಹೆಸರಿನವರ ಖಾತೆಗೆ ಬಿಟ್ಟು ಬೇರೆಯವರ ಖಾತೆಗೆ ಹಣ ಜಮಾ ಮಾಡಬಾರದು ಎಂಬುದು ರಿಸರ್ವ್ ಬ್ಯಾಂಕಿನ ಆದೇಶ. ತಪ್ಪಿ ಜಮಾ ಮಾಡಿದರೆ ನಿಜವಾದ ಹಕ್ಕುದಾರರಿಗೆ ಬ್ಯಾಂಕು ಉತ್ತರ ಕೊಡಬೇಕಾಗುತ್ತದೆ. ಕೌಂಟರಿನಲ್ಲಿ ಕೂತವರ ಹಟ ಎಂದು ನಮಗೆ ಅನ್ನಿಸುವುದರ ಹಿಂದೆ ಈ ಹೆದರಿಕೆ ಇದೆ.

ನಮ್ಮ ಕಡೆ ತೊಡಕು ಬರುವುದು ಎರಡು ರೀತಿಯಲ್ಲಿ. ಒಂದು, ಹೆಸರುಗಳ ಬರಹ. ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಸೇರಿದ ಉದ್ದದ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಇನಿಶಿಯಲ್ಲು. ಇಂಗ್ಲಿಷಿಗೆ ಇಳಿಸುವಾಗ ಒಂದೇ ಅಡ್ಡಹೆಸರಿಗೆ ಮೂರು ಬಗೆಯ ಸ್ಪೆಲ್ಲಿಂಗ್. ಒಂದಕ್ಷರದ ವ್ಯತ್ಯಾಸಕ್ಕೆ ನಿಮ್ಮನ್ನು ಬಲ್ಲ ಶಾಖೆ ಒಪ್ಪಬಹುದು, ಒಪ್ಪದೆಯೂ ಇರಬಹುದು. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಹೆಸರು ಹೇಗಿದೆಯೋ ಹಾಗೆ ಬರೆಸಿಕೊಂಡರೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಆ ಪುಟದ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು ಚೆಕ್ಕು ಬರೆಯುವವರ ಮುಂದೆ ಹಿಡಿಯುವುದು ಸುಲಭದ ದಾರಿ.

ಎರಡನೆಯದು ಹೆಚ್ಚು ಗಂಭೀರ. ಮಾಲಿನ ಬಿಲ್ಲು ದೇವರ ಹೆಸರಿನ ಟೆಕ್ಸ್‌ಟೈಲ್ಸ್ ಅಂಗಡಿಯದು, ಖಾತೆ ಮಾತ್ರ ಮಾಲೀಕರ ಸ್ವಂತ ಹೆಸರಿನ ಉಳಿತಾಯ ಖಾತೆ. ಖರೀದಿದಾರ ಬಿಲ್ಲಿನ ತಲೆಬರಹ ನೋಡಿ ಅಂಗಡಿಯ ಹೆಸರಿಗೇ ಚೆಕ್ಕು ಬರೆಯುತ್ತಾನೆ. ‘ಅಂಗಡಿ ನಂದಽ ಅಲ್ರಿ’ ಎಂದರೆ ಬ್ಯಾಂಕು ಒಪ್ಪುವುದಿಲ್ಲ, ಏಕೆಂದರೆ ಕಾಗದದ ಮೇಲೆ ಆ ಎರಡು ಹೆಸರು ಬೇರೆ ಬೇರೆ. ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆಯುವವರೆಗೆ, ಖಾತೆ ಇರುವ ಹೆಸರಿಗೇ ಚೆಕ್ಕು ಕೇಳಬೇಕು.

ಪತ್ತಿನ ಸಹಕಾರ ಸಂಘದಲ್ಲಿ ಮಾತ್ರ ಖಾತೆ ಇರುವ ನೇಕಾರರಿಗೆ ಒಂದು ಬಾಗಿಲು ತೆರೆದಿದೆ. ಚೆಕ್ಕು 50,000 ರೂಪಾಯಿ ಮೀರದಿದ್ದರೆ, ಸಂಘದ ಸದಸ್ಯರ ಹೆಸರಿನ ಅಕೌಂಟ್ ಪೇಯಿ ಚೆಕ್ಕನ್ನು ಆ ಸಂಘದ ಖಾತೆಗೆ ಜಮಾ ಮಾಡಿಕೊಳ್ಳಲು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಇದು ಬ್ಯಾಂಕಿನ ಇಚ್ಛೆಗೆ ಬಿಟ್ಟದ್ದು, ಕಡ್ಡಾಯವಲ್ಲ. ನಮ್ಮ ಉದಾಹರಣೆಯ 48,600 ರೂಪಾಯಿ ಈ ಮಿತಿಯ ಒಳಗೇ ಇದೆ. ಇನ್ನು ನಾಲ್ಕು ಸೀರೆ ಹೆಚ್ಚಿಗೆ ಮಾರಿದ್ದರೆ ಮಿತಿ ದಾಟುತ್ತಿತ್ತು. ಸಂಘದ ಕಾರ್ಯದರ್ಶಿಯನ್ನು ಮೊದಲೇ ಕೇಳಿ, ದೊಡ್ಡ ಬಾಕಿಯಾದರೆ ಎರಡು ಚೆಕ್ಕಾಗಿ ತೆಗೆದುಕೊಳ್ಳಬಹುದೇ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಬೇಗ ಕಟ್ಟಿದವರಿಗೆ ಉಳಿಯುವ ದಾರಿ

2025ರ ಅಕ್ಟೋಬರ್ 4ರಿಂದ ಚೆಕ್ಕಿನ ವಿಲೇವಾರಿ ಚುರುಕಾಗಿದೆ. ಹಗಲಿನಲ್ಲಿ ಶಾಖೆಗಳಿಂದ ಚಿತ್ರಗಳು ನಿರಂತರ ಹೋಗುತ್ತವೆ, ಹಣ ಕೊಡುವ ಬ್ಯಾಂಕು ಅದೇ ದಿನ ಸಂಜೆ 7ರೊಳಗೆ ಹೌದು ಅಥವಾ ಇಲ್ಲ ಎನ್ನಬೇಕು. ತಪ್ಪಿದ್ದ ಚೆಕ್ಕೂ ಅಷ್ಟೇ ಚುರುಕಾಗಿ ವಾಪಸು ಬರುತ್ತದೆ. ಜೊತೆಗೆ ಶುಲ್ಕವೂ ಬೀಳಬಹುದು. ಚೆಕ್ಕನ್ನು ಡ್ರಾಪ್ ಬಾಕ್ಸಿಗೆ ಹಾಕುವ ಬದಲು ಕೌಂಟರಿನಲ್ಲಿ ಕೊಟ್ಟು, ಸ್ಲಿಪ್ಪಿನ ಅರ್ಧಕ್ಕೆ ಮೊಹರು ಹಾಕಿಸಿಕೊಳ್ಳಬಹುದು. ಕೌಂಟರಿನಲ್ಲಿ ಕೊಟ್ಟ ಚೆಕ್ಕಿಗೆ ರಸೀದಿ ಇಲ್ಲ ಎನ್ನುವ ಅಧಿಕಾರ ಶಾಖೆಗೆ ಇಲ್ಲ.

ತಾರೀಖಿನ ಮೂರು ತಿಂಗಳು ಇಲ್ಲಿ ಮತ್ತೆ ಮುಖ್ಯವಾಗುತ್ತದೆ. ಮಾರ್ಚ್ 10ರ ಚೆಕ್ಕನ್ನು ಮಾರ್ಚ್ 12ಕ್ಕೆ ಕಟ್ಟಿ ಅದು ಹಣ ಸಾಲದೆ ವಾಪಸಾದರೆ, ಕೊಟ್ಟವರು ‘ಮುಂದಿನ ವಾರ ಹಾಕ್ರಿ’ ಎಂದಾಗ ಮತ್ತೆ ಕಟ್ಟಲು ಎರಡೂವರೆ ತಿಂಗಳ ಮೇಲೆ ಸಮಯವಿರುತ್ತದೆ. ಅದೇ ಚೆಕ್ಕನ್ನು ಜೂನ್ 6ಕ್ಕೆ ಕಟ್ಟಿದರೆ ಎರಡನೆಯ ಸರತಿಗೆ ದಿನಗಳೇ ಇರುವುದಿಲ್ಲ. ಚೆಕ್ ಬೌನ್ಸ್ ಅಪರಾಧದ 138ನೇ ಕಲಂ ಅನ್ವಯಿಸಬೇಕಾದರೆ ಚೆಕ್ಕು ಅವಧಿಯೊಳಗೇ ಬ್ಯಾಂಕಿಗೆ ಹೋಗಿರಬೇಕು. ವಾಪಸಾದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸು ಕೊಡಬೇಕು, ನೋಟಿಸು ಸಿಕ್ಕ ಮೇಲೆ ಹಣ ಕೊಡಲು ಅವರಿಗೆ 15 ದಿನ ಇರುತ್ತದೆ. ಅವಧಿ ಮೀರಿದ ಚೆಕ್ಕಿಗೆ ಈ ದಾರಿ ಪೂರ್ತಿ ಮುಚ್ಚಿರುತ್ತದೆ. ಅಕ್ಷರ ಮತ್ತು ಅಂಕಿ ಹೊಂದದ್ದಕ್ಕೆ, ಹೆಸರು ತಪ್ಪಿದ್ದಕ್ಕೆ ವಾಪಸಾದ ಚೆಕ್ಕನ್ನು ಹಿಡಿದು ಇದೇ ಕಲಂನಡಿ ಹೋಗುವುದೂ ಕಷ್ಟ, ಏಕೆಂದರೆ ಅದು ಮುಖ್ಯವಾಗಿ ಹಣ ಸಾಲದೆ ಹೋದದ್ದಕ್ಕೆ ಇರುವ ಕಲಂ. ಮಾಲಿನ ಬಾಕಿ ಮಾತ್ರ ಅಳಿಯುವುದಿಲ್ಲ. ಬಿಲ್ಲು, ಮಾಲು ಮುಟ್ಟಿಸಿದ ರಸೀದಿ, ಬ್ಯಾಂಕಿನ ವಾಪಸು ಚೀಟಿ ಇಟ್ಟುಕೊಂಡು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು, ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ.

ವಾಪಸು ಚೀಟಿಯಲ್ಲಿ ಕಾರಣ ಬರೆದಿರುತ್ತದೆ. ‘ಚೆಕ್ಕು ಪಾಸಾಗಿಲ್ಲ’ ಎಂಬ ಬಾಯಿಮಾತಿಗೆ ತೃಪ್ತರಾಗದೆ ಆ ಚೀಟಿಯನ್ನು ಚೆಕ್ಕಿನ ಜೊತೆಗೇ ಕೇಳಿ ಪಡೆಯಬೇಕು. ಕಾರಣ ತಾರೀಖೋ, ಮೊತ್ತದ ವ್ಯತ್ಯಾಸವೋ, ಹೆಸರೋ ಆಗಿದ್ದರೆ ಅದೇ ದಿನ ಖರೀದಿದಾರರಿಗೆ ಚೀಟಿಯ ಫೋಟೊ ಕಳಿಸಿ ಹೊಸ ಚೆಕ್ಕು ಕೇಳಬಹುದು. ಹಳೆಯ ಚೆಕ್ಕನ್ನು ಮಾತ್ರ ಹೊಸದು ಕೈಗೆ ಬಂದು, ಮೂರೂ ಜಾಗ ನೋಡಿ ಮುಗಿದ ಮೇಲೆಯೇ ತಿರುಗಿ ಕೊಡಬೇಕು.